ಬ್ಯಾಟರಿ ಪಂಪಿನ ರಿಕಾಲ್ ನೋಟಿಸ್ ಹಿಡಿದು ಬಂದ ರೈತರಿಗೆ ನಾವು ಕೊಟ್ಟ ಉತ್ತರ

ಗಂಗಾವತಿಯ ಕೃಷಿ ಉಪಕರಣಗಳ ಮಳಿಗೆಯೊಂದರಲ್ಲಿ ಮಾರಾಟದ ನಂತರದ ಸೇವೆಯನ್ನು ನಾನು ನೋಡಿಕೊಳ್ಳುತ್ತೇನೆ. ನಾವು ಮಾರುವ ವಸ್ತುಗಳಲ್ಲಿ ಹೆಚ್ಚು ಹೋಗುವುದು ಬೆನ್ನಿಗೆ ಹಾಕಿಕೊಂಡು ಔಷಧ ಸಿಂಪಡಿಸುವ ಬ್ಯಾಟರಿ ಪಂಪು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುವ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಇಂಥದೊಂದು ಪಂಪು ಇಲ್ಲದ ರೈತರ ಮನೆ ಅಪರೂಪ. ಒಂದು ಮುಂಗಾರು ಹಂಗಾಮಿನಲ್ಲಿ, ನಾವು ಮಾರಿದ ಒಂದು ಮಾದರಿಯ ಕೆಲವು ಬ್ಯಾಚುಗಳ ಬ್ಯಾಟರಿಯನ್ನೂ ಚಾರ್ಜರನ್ನೂ ಹಿಂದಕ್ಕೆ ಪಡೆಯುವುದಾಗಿ ತಯಾರಕ ಕಂಪನಿಯು ಪ್ರಕಟಿಸಿತು. ಖರೀದಿಯ ವೇಳೆ ಕೊಟ್ಟ ಮೊಬೈಲ್ ಸಂಖ್ಯೆಗಳಿಗೆ ಕಂಪನಿಯಿಂದ ನೇರವಾಗಿ ಇಂಗ್ಲಿಷಿನಲ್ಲಿ ಒಂದು ಸಂದೇಶ ಹೋಯಿತು. ಅದನ್ನು ಹಿಡಿದುಕೊಂಡು ರೈತರು ಬಂದದ್ದು ನಮ್ಮ ಹತ್ತಿರಕ್ಕೆ. ಅವರಿಗೆ ಉತ್ತರವನ್ನು ಹೇಗೆ ಬರೆದೆವು, ಅದರ ಒಂದೊಂದು ಸಾಲೂ ಯಾಕೆ ಹಾಗಿತ್ತು, ಪಂಪುಗಳನ್ನು ಹೇಗೆ ವಾಪಸು ಪಡೆದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದೋಷ ಏನಿತ್ತು ಎಂದು ಹೇಳಬೇಕು, ಏಕೆಂದರೆ ಸುರಕ್ಷತೆಯ ಸೂಚನೆಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಹಳೆಯ ಬ್ಯಾಟರಿ ಪಂಪುಗಳಲ್ಲಿ 12 ವೋಲ್ಟಿನ ಸೀಸದ ಬ್ಯಾಟರಿ ಇರುತ್ತಿತ್ತು. ಅದು ಭಾರ, ಆದರೆ ಸಹನೆಯುಳ್ಳದ್ದು. ಹೊಸ ಮಾದರಿಗಳಲ್ಲಿ ತೂಕ ಇಳಿಸುವುದಕ್ಕಾಗಿ ಲಿಥಿಯಂ ಬ್ಯಾಟರಿ ಬಂದಿದೆ. ನಾವು ಮಾರಿದ ಮಾದರಿಯಲ್ಲಿ ಮೂರು ಸೆಲ್‌ಗಳನ್ನು ಸಾಲಾಗಿ ಜೋಡಿಸಲಾಗಿತ್ತು. ಒಂದೊಂದು ಸೆಲ್ಲಿನ ಮೇಲ್ಮಿತಿ 4.2 ವೋಲ್ಟ್, ಅಂದರೆ ಪೂರ್ತಿ ತುಂಬಿದಾಗ ಒಟ್ಟು 12.6 ವೋಲ್ಟ್. ಸೀಸದ ಬ್ಯಾಟರಿಯ ಚಾರ್ಜರಾದರೋ 14 ವೋಲ್ಟಿನ ಆಸುಪಾಸಿನವರೆಗೂ ಕೊಡುತ್ತದೆ. ಎರಡೂ ಚಾರ್ಜರುಗಳ ಪಿನ್ನು ಒಂದೇ ಅಳತೆಯದು. ಹೊಸ ಚಾರ್ಜರ್ ಕೈಗೆ ಸಿಗದಾಗ ಗೋಡೆಯ ಗೂಟಕ್ಕೆ ನೇತುಹಾಕಿದ ಹಳೆಯದನ್ನು ಚುಚ್ಚುವುದು ನಮ್ಮ ಕಡೆ ತೀರ ಸಾಮಾನ್ಯ. 14.4 ವೋಲ್ಟ್ ಕೊಡುವ ಹಳೆಯ ಚಾರ್ಜರ್ ಹಾಕಿದರೆ ಪ್ರತಿ ಸೆಲ್ಲಿನ ಮೇಲೆ 4.8 ವೋಲ್ಟ್ ಬೀಳುತ್ತದೆ. ಆ ಹೊತ್ತಿನಲ್ಲಿ ವಿದ್ಯುತ್ತನ್ನು ಕಡಿದು ನಿಲ್ಲಿಸಬೇಕಾದದ್ದು ಬ್ಯಾಟರಿಯೊಳಗಿನ ಸಣ್ಣ ರಕ್ಷಣಾ ಬೋರ್ಡು. ಹಿಂದಕ್ಕೆ ಕರೆಸಿಕೊಂಡ ಬ್ಯಾಚುಗಳಲ್ಲಿ ಆ ಬೋರ್ಡೇ ಕೆಲವೊಮ್ಮೆ ಕೆಲಸ ಮಾಡುತ್ತಿರಲಿಲ್ಲ. ಬ್ಯಾಟರಿ ಬಿಸಿಯಾಗಿ, ಉಬ್ಬಿ, ಕೊನೆಗೆ ಹೊತ್ತಿಕೊಳ್ಳುವ ಅಪಾಯವಿತ್ತು.

ಕಂಪನಿಯ ಸಂದೇಶದಲ್ಲಿ ಮಾದರಿಯ ಹೆಸರು, ಬ್ಯಾಚಿನ ಸಂಖ್ಯೆಗಳು, ಬ್ಯಾಟರಿಯನ್ನೂ ಚಾರ್ಜರನ್ನೂ ಹಿಂದಕ್ಕೆ ಪಡೆಯುತ್ತೇವೆ ಎಂಬ ಸಾಲು, ಒಂದು ಜಾಲತಾಣದ ಕೊಂಡಿ, ಬಳಕೆ ನಿಲ್ಲಿಸಿ ಎಂಬ ಒಂದು ಮಾತು, ಇಷ್ಟಿದ್ದವು. ಕೌಂಟರಿಗೆ ಬಂದವರು ಕೇಳುತ್ತಿದ್ದ ಪ್ರಶ್ನೆಗಳು ಬೇರೆಯೇ ಇದ್ದವು. ಬಹಳ ಜನರ ಮೊದಲ ಪ್ರಶ್ನೆ, "ಇದು ಖರೇನೋ, ಮೋಸದ ಮೆಸೇಜೋ, ನೋಡ್ರಿ ಸ್ವಲ್ಪ" ಎಂಬುದು. ಕೊಂಡಿ ಒತ್ತಿದರೆ ಖಾತೆಯ ದುಡ್ಡು ಹೋಗುತ್ತದೆ ಎಂದು ಬ್ಯಾಂಕಿನವರೇ ಊರೂರಿಗೆ ಬಂದು ಹೇಳಿ ಹೋಗಿರುವಾಗ ಅವರ ಅನುಮಾನ ಸರಿಯಾದದ್ದೇ. ಎರಡನೆಯದು, "ನಾ ತಗೊಂಡಿದ್ದು ಇದರಾಗ ಐತೇನ್ರಿ?" ಮೂರನೆಯದನ್ನು ಮಾತ್ರ ಎಲ್ಲರೂ ಕೇಳಿದರು: "ನಾಳಿ ಎಣ್ಣಿ ಹೊಡೀಬೇಕು, ಈಗ ಏನ್ ಮಾಡ್ಲಿ?" ಭತ್ತಕ್ಕೆ ಕಂದು ಜಿಗಿಹುಳು ಬೀಳುವ ಕಾಲ ಅದು. ಬುಡದಲ್ಲಿ ಹುಳು ಕಂಡ ಮೇಲೆ ಸಿಂಪಡಣೆಯನ್ನು ಮುಂದೂಡಿದರೆ ಗದ್ದೆಯ ನಡುವೆ ಸುಟ್ಟಂತೆ ವೃತ್ತಾಕಾರದಲ್ಲಿ ಪೈರು ಒಣಗುತ್ತ ಹೋಗುತ್ತದೆ.

ಈ ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದೆ ಕೊಡುವ ಸುರಕ್ಷತಾ ಸೂಚನೆ ಕಾಗದದ ಮೇಲೆ ಉಳಿಯುತ್ತದೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಬೆಳೆ ಹೋಗುತ್ತದೆ ಎಂದಾಗ ರೈತರು ಆ ಪಂಪನ್ನೇ ಚಾರ್ಜಿಗೆ ಹಾಕುತ್ತಾರೆ, ಅದೂ ರಾತ್ರಿ, ಮನೆಯವರೆಲ್ಲ ಮಲಗಿರುವ ಪಡಸಾಲೆಯಲ್ಲಿ. ಆದ್ದರಿಂದ ಉತ್ತರ ಬರೆಯುವ ಮೊದಲು ಮಾಲೀಕರ ಜೊತೆ ಕೂತು ಒಂದು ವಿಷಯವನ್ನು ತೀರ್ಮಾನ ಮಾಡಿಕೊಂಡೆವು: ರಿಕಾಲಿಗೆ ಸೇರಿದ ಪಂಪು ಇರುವ ಪ್ರತಿ ರೈತರಿಗೂ ಹೊಸ ಬ್ಯಾಟರಿ ಬರುವವರೆಗೆ ಕೈಯಿಂದ ಒತ್ತುವ ಪಂಪನ್ನು ಬಾಡಿಗೆ ಇಲ್ಲದೆ ಕೊಡುವುದು. ಕೈ ಪಂಪುಗಳು ನಮ್ಮ ಗೋದಾಮಿನಲ್ಲಿ ಮಾರಾಟವಾಗದೆ ಬಿದ್ದಿದ್ದವು. ಅವುಗಳ ಸವಕಳಿಯನ್ನು ಭರಿಸಲು ಕಂಪನಿಯ ವಲಯ ಕಚೇರಿಯವರು ಒಪ್ಪಿದರು. ಈ ಒಂದು ಸಾಲು ಉತ್ತರಕ್ಕೆ ಸೇರಿದ ಮೇಲೆಯೇ ಉಳಿದ ಸಾಲುಗಳಿಗೆ ಬೆಲೆ ಬಂತು.

ನಾವು ಕಳಿಸಿದ ಉತ್ತರದ ಪೂರ್ಣ ಪಾಠ ಹೀಗಿತ್ತು:

"ಮಾನ್ಯರೇ, ನಿಮ್ಮ ಬ್ಯಾಟರಿ ಪಂಪಿನ ಬಗ್ಗೆ ಬಂದ ಸಂದೇಶ ನಿಜವಾದದ್ದು. ದಯವಿಟ್ಟು ಈಗಲೇ ಪಂಪಿನ ಸ್ವಿಚ್ ಆರಿಸಿರಿ. ಚಾರ್ಜಿಗೆ ಹಾಕಿದ್ದರೆ ಗೋಡೆಯ ಸ್ವಿಚ್ ಆರಿಸಿ, ಆಮೇಲೆ ವೈರು ತೆಗೆಯಿರಿ. ಇನ್ನು ಮುಂದೆ ಈ ಬ್ಯಾಟರಿಯನ್ನು ಯಾವ ಚಾರ್ಜರಿನಿಂದಲೂ, ಹೊಸದಾಗಲಿ ಹಳೆಯದಾಗಲಿ, ಚಾರ್ಜ್ ಮಾಡಬೇಡಿರಿ.

ಪಂಪನ್ನು ಮನೆಯೊಳಗೆ ಇಡಬೇಡಿರಿ. ಹೊರಗೆ ನೆರಳಿರುವ, ಮಳೆ ಬೀಳದ ಕಡೆ, ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ ಇಡಿರಿ. ಹುಲ್ಲಿನ ಬಣವೆ, ದನದ ಕೊಟ್ಟಿಗೆ, ಗೊಬ್ಬರದ ಚೀಲ, ಡೀಸೆಲ್ ಕ್ಯಾನುಗಳಿಂದ ಕನಿಷ್ಠ ಹತ್ತು ಹೆಜ್ಜೆ ದೂರವಿರಲಿ. ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿರಿ. ಬ್ಯಾಟರಿಯನ್ನು ನೀವೇ ಬಿಚ್ಚಬೇಡಿರಿ, ವೈರು ಕತ್ತರಿಸಬೇಡಿರಿ.

ಪಂಪಿನ ತಳ ಬಿಸಿಯಾಗಿದ್ದರೆ, ಉಬ್ಬಿದ್ದರೆ, ಸುಯ್ ಎಂಬ ಸದ್ದು ಅಥವಾ ತೀಕ್ಷ್ಣವಾದ ವಾಸನೆ ಬರುತ್ತಿದ್ದರೆ ಮುಟ್ಟದೆ ದೂರ ಸರಿದು ನಮಗೆ ಕರೆ ಮಾಡಿರಿ. ಹೊಗೆ ಅಥವಾ ಬೆಂಕಿ ಕಂಡರೆ ಎಲ್ಲರನ್ನೂ ಹೊರಗೆ ಕರೆದುಕೊಂಡು 112ಕ್ಕೆ ಕರೆ ಮಾಡಿರಿ. ಹೊಗೆಯನ್ನು ಉಸಿರಾಡಬೇಡಿರಿ.

ಪಂಪನ್ನು ಬಸ್ಸಿನಲ್ಲಿ ತರಬೇಡಿರಿ, ಕೊರಿಯರ್ ಮಾಡಬೇಡಿರಿ. ನಮ್ಮ ಮೆಕ್ಯಾನಿಕ್ ನಿಮ್ಮ ಊರಿಗೆ ಬಂದು ಬ್ಯಾಟರಿ ಮತ್ತು ಚಾರ್ಜರ್ ತೆಗೆದುಕೊಂಡು ರಸೀದಿ ಕೊಡುತ್ತಾರೆ. ಬರುವ ದಿನವನ್ನು ಮುಂಚೆಯೇ ತಿಳಿಸುತ್ತೇವೆ. ಅಲ್ಲಿಯವರೆಗೆ ಸಿಂಪಡಣೆ ಇದ್ದರೆ ನಮ್ಮ ಮಳಿಗೆಯಿಂದ ಕೈ ಪಂಪನ್ನು ಉಚಿತವಾಗಿ ಒಯ್ಯಬಹುದು. ಹೊಸ ಬ್ಯಾಟರಿ ಮತ್ತು ಚಾರ್ಜರ್ ಅಥವಾ ಹಣ ವಾಪಸು, ಯಾವುದು ಬೇಕೆಂದು ನೀವೇ ಹೇಳಬಹುದು. ಬಿಲ್ಲು ಇಲ್ಲದಿದ್ದರೂ ನಡೆಯುತ್ತದೆ.

ಇದಕ್ಕಾಗಿಯೇ ಇರುವ ಫೋನ್ ಸಂಖ್ಯೆ ಕೆಳಗಿದೆ. ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಕನ್ನಡ, ತೆಲುಗು, ಉರ್ದು ಯಾವ ಭಾಷೆಯಲ್ಲಾದರೂ ಮಾತನಾಡಬಹುದು. ನಮ್ಮವರು ಯಾರೂ ಒಟಿಪಿ, ಎಟಿಎಂ ಪಿನ್ ಅಥವಾ ಮುಂಗಡ ಹಣ ಕೇಳುವುದಿಲ್ಲ. ನಮ್ಮ ಉತ್ತರದಿಂದ ಸಮಾಧಾನವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು."

ಇದನ್ನು ಒಂದು ಪುಟದಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸಿದೆವು. ಜೊತೆಗೆ, ಮಳಿಗೆಯ ಹಿರಿಯ ಮೆಕ್ಯಾನಿಕ್ ತಮ್ಮದೇ ಮಾತಿನಲ್ಲಿ ಇದನ್ನೇ ಹೇಳಿದ ಧ್ವನಿ ಸಂದೇಶವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆವು. ಓದು ಬಾರದವರಿಗಷ್ಟೇ ಅಲ್ಲ, ಓದು ಬಂದವರಿಗೂ ಪರಿಚಿತ ಧ್ವನಿಯೇ ಸಂದೇಶ ನಿಜವೆಂಬುದಕ್ಕೆ ಆಧಾರವಾಯಿತು. ಮೊದಲ ಸಾಲಿನಲ್ಲಿ ಕ್ಷಮೆ ಕೋರಬೇಕು, ಗ್ರಾಹಕರ ಸುರಕ್ಷತೆಗೆ ಸಂಸ್ಥೆ ಬದ್ಧವಾಗಿದೆ ಎಂದು ಬರೆಯಬೇಕು ಎಂಬ ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ಮೊಬೈಲ್ ಪರದೆಯ ಮೇಲೆ ಸಂದೇಶ ತೆರೆಯದೆಯೇ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಆ ಜಾಗ ಸ್ವಿಚ್ ಆರಿಸಿ ಎಂಬುದಕ್ಕೇ ಸಲ್ಲಬೇಕು. ಕ್ಷಮೆಯನ್ನು ಮೆಕ್ಯಾನಿಕ್ ಎದುರಿಗೆ ನಿಂತಾಗ ಬಾಯಿಮಾತಿನಲ್ಲಿ ಕೇಳಿದರು, ಅದು ಹೆಚ್ಚು ಚೆನ್ನಾಗಿ ಮುಟ್ಟಿತು.

ಯಾವ ಚಾರ್ಜರಿನಿಂದಲೂ ಎಂದು ಬಿಡಿಸಿ ಬರೆದದ್ದಕ್ಕೂ ಕಾರಣವಿದೆ. ಕಂಪನಿಯ ಸಂದೇಶ ಚಾರ್ಜರನ್ನೂ ಹಿಂದಕ್ಕೆ ಪಡೆಯುತ್ತೇವೆ ಎಂದಿತ್ತು. ಅದನ್ನು ಓದಿದವರು ದೋಷ ಇರುವುದು ಹೊಸ ಚಾರ್ಜರಿನಲ್ಲಿ, ಹಳೆಯದರಿಂದ ಮಾಡಿದರೆ ಚಿಂತೆಯಿಲ್ಲ ಎಂದು ತಿಳಿಯುತ್ತಿದ್ದರು. ಅಂದರೆ ಎಚ್ಚರಿಕೆಯ ಮಾತೇ ಅವರನ್ನು ಹೆಚ್ಚಿನ ವೋಲ್ಟೇಜಿನ ಕಡೆಗೆ ತಳ್ಳುತ್ತಿತ್ತು. ಸುರಕ್ಷಿತ ಸ್ಥಳದಲ್ಲಿಡಿ ಎಂಬ ಮಾತಿನದೂ ಇದೇ ಕಥೆ. ಹಳ್ಳಿಯಲ್ಲಿ ಸುರಕ್ಷಿತ ಸ್ಥಳವೆಂದರೆ ಬೀಗ ಹಾಕುವ ಒಳಕೋಣೆ. ಅದೇ ಕೋಣೆಯಲ್ಲಿ ಗೊಬ್ಬರದ ಚೀಲ, ಔಷಧದ ಡಬ್ಬಿ, ಹಾಸಿಗೆಗಳೂ ಇರುತ್ತವೆ. ಆದ್ದರಿಂದ ಎಲ್ಲಿ ಇಡಬೇಕು, ಯಾವುದರಿಂದ ಎಷ್ಟು ದೂರ ಎಂದು ಮನೆಯಲ್ಲಿರುವ ವಸ್ತುಗಳ ಹೆಸರು ಹೇಳಿಯೇ ಬರೆಯಬೇಕಾಯಿತು. ನೆರಳು ಎಂಬ ಪದವೂ ಮುಖ್ಯ. ಮನೆಯ ಹೊರಗೆ ಎಂದಷ್ಟೇ ಬರೆದರೆ ಪಂಪು ಮಾಳಿಗೆಯ ಮೇಲೆ ಬಿಸಿಲಿಗೆ ಹೋಗುತ್ತದೆ, ನಮ್ಮ ಕಡೆಯ ಬಿಸಿಲು ಬ್ಯಾಟರಿಗೆ ಒಳ್ಳೆಯದಲ್ಲ.

ವೈರು ಕತ್ತರಿಸಬೇಡಿ ಎಂಬುದು ಅತಿಯಾದ ಎಚ್ಚರಿಕೆ ಎಂದು ಕೆಲವರಿಗೆ ಅನ್ನಿಸಿತ್ತು. ಬ್ಯಾಟರಿಯನ್ನು ಪಂಪಿನಿಂದ ಬೇರೆ ಮಾಡುವುದು ಒಳ್ಳೆಯದೇ, ಆದರೆ ಎರಡೂ ವೈರನ್ನು ಒಟ್ಟಿಗೆ ಕತ್ತರಿಯಿಂದ ಹಿಡಿದು ಕತ್ತರಿಸಿದರೆ ಕತ್ತರಿಯ ಉಕ್ಕೇ ಎರಡನ್ನೂ ಕೂಡಿಸಿ ಶಾರ್ಟ್ ಮಾಡುತ್ತದೆ. ರಕ್ಷಣಾ ಬೋರ್ಡಿನ ಮೇಲೆ ಭರವಸೆ ಇಲ್ಲದ ಬ್ಯಾಟರಿಯಲ್ಲಿ ಅದು ದೊಡ್ಡ ಅಪಾಯ. ಹೊಗೆಯ ಬಗ್ಗೆ ಬರೆದ ಸಾಲೂ ಹಾಗೆಯೇ. ಲಿಥಿಯಂ ಬ್ಯಾಟರಿ ಹೊತ್ತಿದಾಗ ಬರುವ ಹೊಗೆ ತಾನಾಗಿಯೇ ವಿಷಕಾರಿ, ಇಲ್ಲಿ ಅದರ ಜೊತೆ ಟ್ಯಾಂಕಿನಲ್ಲಿ ಉಳಿದ ಕೀಟನಾಶಕವೂ ಸುಡುತ್ತದೆ. ನೀರು ಹಾಕಬಹುದೇ ಎಂದು ಫೋನಿನಲ್ಲಿ ಬಹಳ ಜನ ಕೇಳಿದರು. ಕರೆಂಟು ತೆಗೆದ ಮೇಲೆ, ಬಯಲಿನಲ್ಲಿ ಇದ್ದರೆ, ಗಾಳಿ ನಮ್ಮ ಬೆನ್ನ ಕಡೆಯಿಂದ ಬೀಸುವಂತೆ ದೂರ ನಿಂತು ಧಾರಾಳವಾಗಿ ನೀರು ಹಾಕಬಹುದು. ಇಂಥ ಸಣ್ಣ ಬ್ಯಾಟರಿಯನ್ನು ತಣಿಸುವುದು ನೀರೇ, ಮರಳು ಬೆಂಕಿ ಹರಡದಂತೆ ತಡೆಯಬಹುದೇ ಹೊರತು ಒಳಗಿನ ಕಾವನ್ನು ಇಳಿಸುವುದಿಲ್ಲ. ಆರಿದಂತೆ ಕಂಡ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು ಎಂಬುದನ್ನು ಮರೆಯದೆ ಹೇಳುತ್ತಿದ್ದೆವು. ಮನೆಯೊಳಗೆ ಹೊತ್ತಿದ್ದರೆ ಆರಿಸುವ ಪ್ರಯತ್ನವೇ ಬೇಡ, ಹೊರಗೆ ಬನ್ನಿ ಎಂಬುದೊಂದೇ ಮಾತು.

ಪಂಪು ರಿಕಾಲಿಗೆ ಸೇರಿದೆಯೇ ಎಂದು ಪತ್ತೆ ಮಾಡುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಬ್ಯಾಚಿನ ಚೀಟಿ ಟ್ಯಾಂಕಿನ ತಳದಲ್ಲಿತ್ತು. ಔಷಧ ಸೋರಿ, ಕೆಸರು ಮೆತ್ತಿ, ಒಂದೇ ಹಂಗಾಮಿನಲ್ಲಿ ಅದರ ಅಕ್ಷರಗಳು ಅಳಿಸಿಹೋಗಿರುತ್ತಿದ್ದವು. ಎರಡನೆಯ ಗುರುತು ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯಲ್ಲಿತ್ತು, ಆದರೆ ಅದನ್ನು ನೋಡಲು ಬ್ಯಾಟರಿಯ ಮುಚ್ಚಳ ಬಿಚ್ಚಬೇಕು, ಬಿಚ್ಚಬೇಡಿ ಎಂದು ನಾವೇ ಹೇಳಿದ್ದೆವು. ಹೀಗಾಗಿ ತಳದ ಫೋಟೊ ಒಂದನ್ನು ಮಾತ್ರ ಕೇಳಿದೆವು. ಸಂಖ್ಯೆ ಓದಲು ಬರದಿದ್ದರೆ ಆ ಮಾದರಿಯ ಪಂಪನ್ನು ದೋಷವಿರುವುದೆಂದೇ ಎಣಿಸಿ ಮುಂದಿನ ಕ್ರಮ ತೆಗೆದುಕೊಂಡೆವು. ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಬೇರೆ ಬ್ಯಾಚು ಎಂದು ತಿಳಿದರೆ ಅಲ್ಲಿಯೇ ಮರಳಿ ಜೋಡಿಸಿ ಕೊಡುತ್ತಿದ್ದರು.

ವಾಪಸು ಪಡೆಯುವ ಕ್ರಮದಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಸಾಗಾಟ. ದೋಷವಿದೆ ಎಂದು ತಯಾರಕರೇ ಹೇಳಿದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸಲು ಅಂತರರಾಷ್ಟ್ರೀಯ ನಿಯಮಗಳು ಅವಕಾಶ ಕೊಡುವುದಿಲ್ಲ. ಕೊರಿಯರ್ ಕಚೇರಿಗೆ ಕೊಟ್ಟ ಡಬ್ಬಿ ಎಲ್ಲಿಂದ ಎಲ್ಲಿಗೆ ಹೇಗೆ ಹೋಗುತ್ತದೆ ಎಂಬುದು ಕೊಡುವವರ ಕೈಯಲ್ಲಿರುವುದಿಲ್ಲ. ಬಸ್ಸಂತೂ ಜನ ತುಂಬಿದ ಮುಚ್ಚಿದ ವಾಹನ. ಆದರೂ ತಡೆಯದಿದ್ದರೆ ಸಿಂಧನೂರು ಕಡೆಯವರು ಪಂಪನ್ನು ಗೋಣಿಚೀಲದಲ್ಲಿ ಸುತ್ತಿ ಸೀಟಿನ ಕೆಳಗೆ ತಳ್ಳಿಕೊಂಡು ಬಂದೇಬಿಡುತ್ತಿದ್ದರು. ಅದಕ್ಕಾಗಿ ನಾವೇ ಊರಿಗೆ ಹೋಗುವುದೆಂದು ಆಯಿತು. ಒಂದೇ ದಾರಿಯಲ್ಲಿ ಬರುವ ಊರುಗಳನ್ನು ಒಂದು ದಿನಕ್ಕೆ ಗೊತ್ತುಮಾಡಿ, ಬಿಸಿಲೇರುವ ಮುಂಚೆ ಮುಗಿಯುವಂತೆ ಬೆಳಗಿನ ಹೊತ್ತು ಹೊರಡುತ್ತಿದ್ದೆವು.

ಹಿಂದಕ್ಕೆ ಬರಬೇಕಾದದ್ದು ಬ್ಯಾಟರಿ ಮತ್ತು ಚಾರ್ಜರ್ ಮಾತ್ರ. ಟ್ಯಾಂಕು, ಹೋಸು, ಗನ್ನು ರೈತರ ಹತ್ತಿರವೇ ಉಳಿಯಲಿ ಎಂದು ಕಂಪನಿಯಿಂದ ಒಪ್ಪಿಗೆ ಪಡೆದೆವು. ಕಂಪನಿ ನಮಗೆ ಕೊಟ್ಟ ಮೊದಲಿನ ಸೂಚನೆಯಲ್ಲಿ ಇಡೀ ಪಂಪನ್ನೇ ಕಳಿಸಬೇಕೆಂದಿತ್ತು. ಹಾಗೆ ಮಾಡಿದ್ದರೆ ನೂರಾರು ಟ್ಯಾಂಕುಗಳಲ್ಲಿ ಉಳಿದ ಕೀಟನಾಶಕ ನಮ್ಮ ವಾಹನದಲ್ಲೂ ಗೋದಾಮಿನಲ್ಲೂ ಸೇರುತ್ತಿತ್ತು. ಆದರೂ ಮೆಕ್ಯಾನಿಕ್ ಕೈ ಹಾಕುವ ಮೊದಲು ಟ್ಯಾಂಕು ತೊಳೆದಿರಬೇಕು, ಏಕೆಂದರೆ ಬ್ಯಾಟರಿಯ ಮುಚ್ಚಳ ಟ್ಯಾಂಕಿನ ಕೆಳಗೇ ಇರುತ್ತದೆ, ಪಂಪನ್ನು ತಲೆಕೆಳಗೆ ಮಾಡಿಯೇ ಬಿಚ್ಚಬೇಕು.

ಇಲ್ಲಿ ಒಂದು ತೊಡಕು ಎದುರಾಯಿತು. ಸಿಂಪಡಣೆಯ ಪಂಪನ್ನು ತೊಳೆಯುವ ಸರಿಯಾದ ಕ್ರಮವೆಂದರೆ ಟ್ಯಾಂಕಿನ ಕಾಲುಭಾಗ ಶುದ್ಧ ನೀರು ಹಾಕಿ, ಅಲುಗಾಡಿಸಿ, ಮೋಟಾರು ಚಾಲೂ ಮಾಡಿ ಗನ್ನಿನ ಮೂಲಕ ಅದೇ ಹೊಲಕ್ಕೆ ಹೊಡೆಯುವುದು, ಹೀಗೆ ಮೂರು ಸಲ. ನಾವೋ ಸ್ವಿಚ್ ಮುಟ್ಟಬೇಡಿ ಎಂದಿದ್ದೇವೆ. ಹಾಗಾಗಿ ಮೋಟಾರಿಲ್ಲದೆ ತೊಳೆಯುವ ವಿಧಾನವನ್ನು ಮೆಕ್ಯಾನಿಕ್ ಬರುವ ಹಿಂದಿನ ದಿನ ಫೋನಿನಲ್ಲಿ ವಿವರಿಸುತ್ತಿದ್ದೆವು. ಕೈಗೆ ರಬ್ಬರ್ ಗವಸು ಹಾಕಿಕೊಂಡು, ಕಾಲುಭಾಗ ನೀರು ತುಂಬಿ, ಮುಚ್ಚಳ ಬಿಗಿದು, ಮೆಲ್ಲಗೆ ಅತ್ತಿತ್ತ ವಾಲಿಸಿ, ಸಿಂಪಡಿಸಿದ ಹೊಲದಲ್ಲೇ ಮೇಲ್ಬಾಯಿಯಿಂದ ಬಗ್ಗಿಸಬೇಕು. ಹೋಸಿನಲ್ಲಿ ಉಳಿದದ್ದನ್ನು ಗನ್ನನ್ನು ಟ್ಯಾಂಕಿಗಿಂತ ಕೆಳಗೆ ಹಿಡಿದು ಟ್ರಿಗರ್ ಒತ್ತಿ ಇಳಿಸಬೇಕು. ಇದನ್ನೇ ಮೂರು ಸಲ ಮಾಡಬೇಕು. ತಳಕ್ಕೆ ನೀರು ತಾಗಬಾರದು, ತೊಳೆದ ನೀರು ಕಾಲುವೆಗಾಗಲಿ ದನ ಕುಡಿಯುವ ತೊಟ್ಟಿಗಾಗಲಿ ಹೋಗಬಾರದು. ತಳ ಬಿಸಿಯಿದ್ದರೆ ಅಥವಾ ಉಬ್ಬಿದ್ದರೆ ಈ ತೊಳೆಯುವ ಕೆಲಸವೇ ಬೇಡವೆಂದು ಒತ್ತಿ ಹೇಳುತ್ತಿದ್ದೆವು.

ಬ್ಯಾಟರಿ ಕೈಗೆ ಬಂದೊಡನೆ ಮೆಕ್ಯಾನಿಕ್ ಅದರ ಪಿನ್ನಿನ ತುದಿಗಳಿಗೆ ಇನ್ಸುಲೇಶನ್ ಟೇಪು ಸುತ್ತಿ, ಒಣ ಮರಳು ಹಾಕಿದ ತಗಡಿನ ಡಬ್ಬಿಯಲ್ಲಿ ಒಂದಕ್ಕೊಂದು ತಾಗದಂತೆ ಇಡುತ್ತಿದ್ದರು. ಡಬ್ಬಿಯ ಮುಚ್ಚಳವನ್ನು ಬಿಗಿಯುತ್ತಿರಲಿಲ್ಲ, ಬ್ಯಾಟರಿಯಿಂದ ಅನಿಲ ಹೊರಟರೆ ಹೋಗಲು ದಾರಿ ಬೇಕು. ವಾಹನವೆಂದರೆ ಹಿಂಭಾಗ ತೆರೆದಿರುವ ಸರಕು ಆಟೊ, ಬ್ಯಾಟರಿಗಳಿರುವಾಗ ಹಿಂದೆ ಯಾರೂ ಕೂರುವಂತಿರಲಿಲ್ಲ. ಮಳಿಗೆಗೆ ಬಂದ ಮೇಲೆ ಕೀಟನಾಶಕಗಳ ಗೋದಾಮಿನಿಂದ ದೂರ, ಹಿತ್ತಲಿನ ತಗಡಿನ ಚಪ್ಪರದಡಿ ಇಟ್ಟು, ಕಂಪನಿಯು ಗೊತ್ತುಮಾಡಿದ ಅಧಿಕೃತ ಮರುಬಳಕೆ ಘಟಕದ ವಾಹನಕ್ಕೆ ಒಪ್ಪಿಸುತ್ತಿದ್ದೆವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿಯನ್ನು ಮಾರುಕಟ್ಟೆಗೆ ಬಿಟ್ಟ ಉತ್ಪಾದಕರ ಮೇಲೆಯೇ ಅದನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಇದೆ. ಈ ನಿಯಮವನ್ನು ಮುಂದಿಟ್ಟ ಮೇಲೆ ವಾಹನದ ಖರ್ಚಿನ ಬಗ್ಗೆ ಚರ್ಚೆ ಬೇಗ ಮುಗಿಯಿತು.

ಸಹಾಯದ ಫೋನಿಗೆ ಹೊಸ ಸಿಮ್ ತೆಗೆದುಕೊಂಡೆವು. ಮಳಿಗೆಯ ಮಾಮೂಲಿ ಸಂಖ್ಯೆಗೆ ಹಂಗಾಮಿನಲ್ಲಿ ಬೀಜ, ಗೊಬ್ಬರದ ದರ ಕೇಳುವವರ ಕರೆಗಳು ಬಿಡುವಿಲ್ಲದೆ ಬರುತ್ತವೆ, ಬ್ಯಾಟರಿ ಬಿಸಿಯಾಗಿದೆ ಎನ್ನುವವರು ಅವುಗಳ ನಡುವೆ ಕಾಯುವಂತಾಗಬಾರದು. ಬೆಳಿಗ್ಗೆ 6ಕ್ಕೆ ಶುರು ಮಾಡಿದ್ದು ರೈತರು ಹೊಲಕ್ಕೆ ಹೊರಡುವ ಹೊತ್ತೆಂದು, ರಾತ್ರಿ 9ರವರೆಗೆ ಇಟ್ಟದ್ದು ಚಾರ್ಜಿಗೆ ಹಾಕುವ ಹೊತ್ತೆಂದು. ಅದಾದ ಮೇಲೆ ಬರುವ ಕರೆಗಳನ್ನು ನನ್ನ ಸ್ವಂತ ಸಂಖ್ಯೆಗೆ ತಿರುಗಿಸಿದ್ದೆ. ಫೋನು ಹಿಡಿದವರು ಇಬ್ಬರು, ಒಬ್ಬರಿಗೆ ಕನ್ನಡ ಮತ್ತು ಉರ್ದು, ಇನ್ನೊಬ್ಬರಿಗೆ ಕನ್ನಡ ಮತ್ತು ತೆಲುಗು. ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳಾದ ಕ್ಯಾಂಪುಗಳ ಹಿರಿಯ ಹೆಣ್ಣುಮಕ್ಕಳಲ್ಲಿ ಹಲವರು ತೆಲುಗಿನಲ್ಲಿ ಮಾತ್ರ ನಿರಾಳವಾಗಿ ಮಾತಾಡುತ್ತಾರೆ, ಪಂಪು ಮನೆಯಲ್ಲಿದ್ದು ಗಂಡಸರು ಹೊರಗಿರುವಾಗ ಕರೆ ಮಾಡುವವರು ಅವರೇ. ಫೋನಿನ ಪಕ್ಕ ಒಂದು ರಿಜಿಸ್ಟರ್ ಇತ್ತು. ಹೆಸರು, ಊರು, ಪಂಪಿನ ಸ್ಥಿತಿ, ಕೈ ಪಂಪು ಕೊಟ್ಟಿದೆಯೇ, ಮೆಕ್ಯಾನಿಕ್ ಹೋಗುವ ದಿನ ಯಾವುದು ಎಂದು ಪ್ರತಿ ಕರೆಗೂ ಒಂದು ಸಾಲು. ಯಾರೇ ಫೋನ್ ಎತ್ತಿದರೂ ಹಿಂದಿನ ಮಾತನ್ನು ಗ್ರಾಹಕರಿಂದ ಮತ್ತೆ ಹೇಳಿಸಬಾರದು ಎಂಬುದು ಅದರ ಉದ್ದೇಶ.

ಒಂದು ಪ್ರಕರಣವನ್ನು ವಿವರವಾಗಿ ಹೇಳಬೇಕು. ಕಾರಟಗಿ ಕಡೆಯ ಒಂದು ಕ್ಯಾಂಪಿನಿಂದ ಸಂಜೆಯ ಹೊತ್ತು ಹಿರಿಯರೊಬ್ಬರು ಕರೆ ಮಾಡಿದರು. ನಮ್ಮ ಧ್ವನಿ ಸಂದೇಶ ಕೇಳಿದ್ದರು. "ಬುಡ ಸ್ವಲ್ಪ ಉಬ್ಬಿದಂಗ ಕಾಣ್ತೈತ್ರಿ, ಆದ್ರ ಪಂಪು ಚೊಲೋ ನಡ್ಯಾಕತ್ತೈತಿ" ಎಂದರು. ಫೋನ್ ಹಿಡಿದಿದ್ದವರು ಮೊದಲು ಕೇಳಿದ್ದು ಚಾರ್ಜಿಗೆ ಹಾಕಿದ್ದೀರಾ ಎಂದು. ಹಾಕಿದ್ದರು, ಅದೂ ಹಳೆಯ ಸೀಸದ ಬ್ಯಾಟರಿಯ ಚಾರ್ಜರಿನಿಂದ. ಗೋಡೆಯ ಸ್ವಿಚ್ ಆರಿಸಿಸಿ, ಬಿಸಿ ಇದೆಯೇ ಎಂದು ಮುಟ್ಟದೆ, ಅಂಗೈಯನ್ನು ಸ್ವಲ್ಪ ದೂರದಲ್ಲಿ ಹಿಡಿದು ನೋಡಲು ಹೇಳಿದರು. ಬಿಸಿ ತಿಳಿಯುತ್ತಿದೆ, ವಾಸನೆಯಿಲ್ಲ, ಸದ್ದಿಲ್ಲ ಎಂದರು. ಪಂಪು ಇದ್ದದ್ದು ಪಡಸಾಲೆಯಲ್ಲಿ.

ಆಗ ನನ್ನನ್ನು ಕರೆದರು. ಇಂಥ ಹೊತ್ತಿನಲ್ಲಿ ಪಂಪನ್ನು ಹೊರಗೆ ಸಾಗಿಸಲು ಹೇಳಬೇಕೇ ಬೇಡವೇ ಎಂಬ ನಿರ್ಧಾರ ಕಷ್ಟದ್ದು. ಉಬ್ಬು, ಬಿಸಿ, ಸದ್ದು, ವಾಸನೆ, ಹೊಗೆ ಇವುಗಳಲ್ಲಿ ಒಂದಿದ್ದರೂ ಮುಟ್ಟಬೇಡಿ ಎಂದು ಹೇಳುವುದು ನಮ್ಮ ನಿಯಮ. ಸದ್ದು, ವಾಸನೆ ಇಲ್ಲದಿದ್ದರೂ ಉಬ್ಬಿ ಬಿಸಿಯಾದದ್ದನ್ನು ಹಿಡಿದು ನಡೆಯುವಾಗ ಕೈಯಲ್ಲೇ ಹೊತ್ತಿಕೊಳ್ಳಬಹುದು. ಪಂಪನ್ನು ಅಲ್ಲೇ ಬಿಟ್ಟು, ಹತ್ತಿರದ ಬಟ್ಟೆ, ಚಾಪೆಗಳನ್ನು ಮಾತ್ರ ದೂರ ಸರಿಸಿ, ಬಾಗಿಲು ಕಿಟಕಿ ತೆರೆದು, ಮನೆಯವರೆಲ್ಲ ಪಕ್ಕದ ಮನೆಗೆ ಹೋಗಬೇಕೆಂದೂ ಹೊಗೆ ಕಂಡ ಕೂಡಲೇ 112ಕ್ಕೆ ಕರೆ ಮಾಡಬೇಕೆಂದೂ ಹೇಳಿದೆ. ಹಿರಿಯರು ಮಾತು ಕೇಳಿದರು. ನಾನೂ ಮೆಕ್ಯಾನಿಕ್ಕೂ ಮರಳಿನ ಡಬ್ಬಿ ಸಮೇತ ಹೋಗುವ ಹೊತ್ತಿಗೆ ಕತ್ತಲಾಗಿತ್ತು. ಪಂಪಿನ ತಳದ ಪ್ಲಾಸ್ಟಿಕ್ ಮುಚ್ಚಳ ಒಂದು ಮೂಲೆಯಲ್ಲಿ ಬಾಯಿ ಬಿಟ್ಟು, ಸ್ಕ್ರೂ ಓರೆಯಾಗಿ ನಿಂತಿತ್ತು, ಒಳಗಿನ ನೀಲಿ ಹೊದಿಕೆ ಹಪ್ಪಳದಂತೆ ಎದ್ದಿತ್ತು. ಬಿಸಿ ಪೂರ್ತಿ ಇಳಿಯುವವರೆಗೆ ಹೊರಗೆ ಕಾದೆವು. ಉಬ್ಬಿದ ಬ್ಯಾಟರಿಯ ಸ್ಕ್ರೂ ಬಿಚ್ಚುವಾಗ ಸ್ಕ್ರೂಡ್ರೈವರ್ ಜಾರಿ ಚುಚ್ಚುವ ಸಾಧ್ಯತೆ ಇರುವುದರಿಂದ ಬಿಚ್ಚಲಿಲ್ಲ. ದಪ್ಪ ಚರ್ಮದ ಗವಸು ಹಾಕಿಕೊಂಡು ಇಡೀ ಪಂಪನ್ನೇ ಎತ್ತಿ ಅಂಗಳದಾಚೆಯ ಕಲ್ಲುಚಪ್ಪಡಿಯ ಮೇಲೆ ಇಟ್ಟು, ಸುತ್ತ ಯಾರೂ ಬರದಂತೆ ಹಗ್ಗ ಕಟ್ಟಿ, ಬೆಳಿಗ್ಗೆ ಕಂಪನಿಯ ತಂತ್ರಜ್ಞರು ಬಂದ ಮೇಲೆ ಒಯ್ದೆವು. ಇಡೀ ಪಂಪು ಹಿಂದಕ್ಕೆ ಹೋದದ್ದರಿಂದ ಅವರಿಗೆ ಹೊಸ ಪಂಪನ್ನೇ ಕೊಡಿಸಲಾಯಿತು. ಆ ರಾತ್ರಿಯೇ ಕೈ ಪಂಪು ಒಯ್ದಿದ್ದೆವು, ಮರುದಿನದ ಸಿಂಪಡಣೆ ನಿಲ್ಲಲಿಲ್ಲ.

ಈ ಪ್ರಕರಣದ ನಂತರ ಫೋನಿನಲ್ಲಿ ಕೇಳುವ ಪ್ರಶ್ನೆಗಳ ಕ್ರಮವನ್ನು ರಿಜಿಸ್ಟರಿನ ಒಳಪುಟದಲ್ಲಿ ಬರೆದು ಅಂಟಿಸಿದೆವು: ಈಗ ಚಾರ್ಜಿನಲ್ಲಿದೆಯೇ, ಉಬ್ಬು, ಬಿಸಿ, ವಾಸನೆ, ಸದ್ದು ಇದೆಯೇ, ಎಲ್ಲಿ ಇಟ್ಟಿದ್ದೀರಿ. ಹೆಸರು, ಊರು, ಬ್ಯಾಚು ಕೇಳುವುದು ಇವೆಲ್ಲ ಆದ ಮೇಲೆ. ಪಂಪು ಚೆನ್ನಾಗಿ ಓಡುತ್ತಿದೆ ಎಂಬ ಮಾತನ್ನು ಸಮಾಧಾನವೆಂದು ತೆಗೆದುಕೊಳ್ಳಬಾರದು, ಉಬ್ಬಿದ ಬ್ಯಾಟರಿಯೂ ಮೋಟಾರನ್ನು ಓಡಿಸುತ್ತದೆ.

ಹಣ ವಾಪಸಿನ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೇ ಕಲಂ ಅಪಾಯಕಾರಿ ಸರಕನ್ನು ಹಿಂದಕ್ಕೆ ಪಡೆಯುವಂತೆಯೂ ಕೊಂಡವರಿಗೆ ಬೆಲೆ ಮರಳಿಸುವಂತೆಯೂ ಆದೇಶಿಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. 2022ರಲ್ಲಿ ಕಡ್ಡಾಯ ಗುಣಮಟ್ಟ ಇಲ್ಲದ ಪ್ರೆಷರ್ ಕುಕ್ಕರುಗಳ ವಿಷಯದಲ್ಲಿ ಪ್ರಾಧಿಕಾರ ಇಂಥ ಆದೇಶಗಳನ್ನು ಹೊರಡಿಸಿದೆ. ನಮ್ಮ ಕಂಪನಿ ತಾನಾಗಿಯೇ ಮುಂದೆ ಬಂದಿದ್ದರಿಂದ ಆ ಹಂತಕ್ಕೆ ಹೋಗಲಿಲ್ಲ. ಬಿಲ್ಲು ಕಳೆದುಕೊಂಡವರಿಗೆ ನಮ್ಮ ಮಾರಾಟದ ಪುಸ್ತಕದಲ್ಲಿನ ಮೊಬೈಲ್ ಸಂಖ್ಯೆಯೇ ದಾಖಲೆಯಾಯಿತು, ಪುಸ್ತಕದಲ್ಲಿ ಇಲ್ಲದವರಿಗೆ ದೋಷದ ಬ್ಯಾಟರಿ ಕೈಯಲ್ಲಿರುವುದೇ ದಾಖಲೆ. ರೈತ ಸಂಪರ್ಕ ಕೇಂದ್ರದ ಮೂಲಕ ಸಹಾಯಧನದಲ್ಲಿ ಪಡೆದವರಿಗೆ ಮಾತ್ರ ಹಣದ ಬದಲು ಹೊಸ ಬ್ಯಾಟರಿಯನ್ನೇ ಕೊಟ್ಟೆವು, ಏಕೆಂದರೆ ಬೆಲೆಯ ಒಂದು ಭಾಗ ಸರ್ಕಾರದ್ದು. ಇದನ್ನು ಅವರಿಗೆ ಮೊದಲೇ ಬಿಡಿಸಿ ಹೇಳಿದ್ದರಿಂದ ಯಾರೂ ತಕರಾರು ಮಾಡಲಿಲ್ಲ. ಹೊಸ ಬ್ಯಾಟರಿಯ ಜೊತೆ ಬಂದ ಚಾರ್ಜರಿನ ಪಿನ್ನು ಬೇರೆ ಅಳತೆಯದಾಗಿತ್ತು, ಹಳೆಯದು ಅದಕ್ಕೆ ಕೂರುವುದೇ ಇಲ್ಲ.

ಉಳಿದವರು ಪಂಪನ್ನು ಮಾರಿದವರು ಮತ್ತು ಬೇರೆ ಊರಿನ ನೆಂಟರಿಗೆ ಕೊಟ್ಟವರು. ನಮ್ಮ ಪುಸ್ತಕದಲ್ಲಿದ್ದ ಅವರ ಸಂಖ್ಯೆಗೆ ಕರೆ ಮಾಡಿದರೆ ಪಂಪು ಈಗ ದೇವದುರ್ಗದಲ್ಲಿದೆ, ಮಾನ್ವಿಯಲ್ಲಿದೆ ಎನ್ನುತ್ತಿದ್ದರು. ಅಂಥವರಿಂದ ಈಗಿನ ಬಳಕೆದಾರರ ಸಂಖ್ಯೆ ಪಡೆದು ಅದೇ ಧ್ವನಿ ಸಂದೇಶ ಕಳಿಸಿದೆವು. ಆ ತಾಲ್ಲೂಕುಗಳ ಗೊಬ್ಬರದ ಅಂಗಡಿಗಳಲ್ಲಿ ಪಂಪಿನ ಚಿತ್ರ, ಮಾಡಬೇಕಾದ ಕೆಲಸ ಮತ್ತು ಸಹಾಯದ ಸಂಖ್ಯೆ ಇರುವ ಹಾಳೆ ಅಂಟಿಸಿದೆವು. ಆ ಸಿಮ್ಮನ್ನು ಇನ್ನೂ ಚಾಲೂ ಇಟ್ಟಿದ್ದೇವೆ, ಹಂಗಾಮು ಶುರುವಾದಾಗ ಅಟ್ಟದಿಂದ ಪಂಪು ಇಳಿಸಿದವರು ಈಗಲೂ ಅಪರೂಪಕ್ಕೆ ಕರೆ ಮಾಡುತ್ತಾರೆ, ಮೆಕ್ಯಾನಿಕ್ ಹೋಗಿ ಬ್ಯಾಟರಿ ತರುತ್ತಾರೆ.